ಫೋಟೊದಲ್ಲಿರುವ ಗ್ರಾಫ್‌ನಿಂದ ಶೇಕಡಾ ಲೆಕ್ಕ: ನನ್ನ ಅನುಭವ

ಧಾರವಾಡದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ನಾನು ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇನೆ. ರಾತ್ರಿ ಹತ್ತರ ಮೇಲೆ ಮೊಬೈಲ್‌ಗೆ ಫೋಟೊಗಳು ಬರುತ್ತವೆ. "ಸರ್, ಇದೊಂದು ಬರವಲ್ದು, ನೋಡ್ರಿ." ಜಾಸ್ತಿ ಬರುವುದು ಬಾರ್ ಗ್ರಾಫ್ ಮತ್ತು ಪೈ ಚಾರ್ಟ್. ಪುಸ್ತಕ ಹಾಸಿಗೆಯ ಮೇಲಿರುತ್ತದೆ, ಫೋನು ಓರೆಯಾಗಿರುತ್ತದೆ, ಹಾಳೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದಿರುತ್ತದೆ.

ಮೊನ್ನೆ ಬಂದದ್ದು ಕಾಳುಗಳ ಗ್ರಾಫ್. ಮಾರುಕಟ್ಟೆಗೆ ಬಂದ ತೊಗರಿ, ಕಡಲೆ, ಹೆಸರು ಎಷ್ಟೆಷ್ಟು ಕ್ವಿಂಟಲ್ ಅಂತ. ಪ್ರಶ್ನೆ ಇಷ್ಟೇ: ಕಡಲೆಗಿಂತ ತೊಗರಿ ಶೇಕಡಾ ಎಷ್ಟು ಹೆಚ್ಚು? ಆ ಹುಡುಗಿ ಪರದೆಯ ಮೇಲೆ ಸ್ಕೇಲು ಇಟ್ಟು ಅಳೆದಿದ್ದಳು. ತೊಗರಿಯ ಕಂಬ 46 ಮಿಲಿಮೀಟರ್, ಕಡಲೆಯದು 30. ಹಾಗಾಗಿ ಶೇ 53 ಜಾಸ್ತಿ ಎಂದು ಬಂತು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಅದು ಇರಲೇ ಇಲ್ಲ.

ಅವಳು ಅಳೆದದ್ದು ಸರಿಯಾಗಿಯೇ ಇತ್ತು. ಆದರೆ ಎಡಗಡೆಯ ಅಕ್ಷ ಸೊನ್ನೆಯಿಂದ ಶುರುವಾಗಿರಲಿಲ್ಲ, 200ರಿಂದ ಶುರುವಾಗಿತ್ತು. ಕೆಳಗಿನ 200 ಕ್ವಿಂಟಲ್ ಚಿತ್ರದಲ್ಲೇ ಇಲ್ಲ. ಅಂಥ ಗ್ರಾಫ್‌ನಲ್ಲಿ ಕಂಬದ ಉದ್ದವನ್ನು ಉದ್ದದ ಜೊತೆ ಹೋಲಿಸುವ ಹಾಗೇ ಇಲ್ಲ. ಅದಕ್ಕೇ ಫೋಟೊ ತೆರೆದ ಕೂಡಲೇ ನಾನು ಮೊದಲು ದೊಡ್ಡದು ಮಾಡಿ ನೋಡುವುದು ಅಕ್ಷದ ತಳದ ಅಂಕಿಯನ್ನು. ಎಷ್ಟೋ ಸಲ ಫೋಟೊದಲ್ಲಿ ಆ ಮೂಲೆಯೇ ಕತ್ತರಿಸಿ ಹೋಗಿರುತ್ತದೆ. ಆಗ ಇನ್ನೊಂದು ಫೋಟೊ ಕಳಿಸಲು ಹೇಳುತ್ತೇನೆ, ಊಹೆ ಮಾಡಲು ಹೋಗುವುದಿಲ್ಲ.

ಆಮೇಲೆ ಕಂಬದ ತುದಿ. ಓರೆಯಾಗಿ ತೆಗೆದ ಫೋಟೊದಲ್ಲಿ ಅಡ್ಡಗೆರೆಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಅಗಲವಾಗಿ ಕಾಣುತ್ತವೆ. ಹಾಗಾಗಿ ಎಡಗಡೆಯ ಅಕ್ಷದವರೆಗೆ ಸ್ಕೇಲು ಎಳೆಯದೆ, ಕಂಬದ ಪಕ್ಕದಲ್ಲೇ ಹಾದುಹೋಗುವ ಎರಡು ಅಡ್ಡಗೆರೆಗಳನ್ನು ಹಿಡಿಯುತ್ತೇನೆ. ತೊಗರಿಯ ತುದಿ 400 ಮತ್ತು 450ರ ಗೆರೆಗಳ ನಡುವೆ ಇತ್ತು. ಅಲ್ಲಿ ಆ ಗೆರೆಗಳ ಅಂತರ 10 ಮಿಲಿಮೀಟರ್, ತುದಿ 400ಕ್ಕಿಂತ 6 ಮಿಲಿಮೀಟರ್ ಮೇಲೆ. ಅಂದರೆ 50ರಲ್ಲಿ ಹತ್ತನೇ ಆರು ಭಾಗ, 30. ತೊಗರಿ 430 ಕ್ವಿಂಟಲ್. ಕಡಲೆಯ ತುದಿ 350ರ ಗೆರೆಯ ಮೇಲೆಯೇ ಕೂತಿತ್ತು.

ಇನ್ನು ಯಾವುದರಿಂದ ಭಾಗಿಸಬೇಕು? ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಗುರುತಿದೆ. 'ಗಿಂತ' ಯಾವ ಪದಕ್ಕೆ ಹತ್ತಿದೆಯೋ ಅದೇ ಕೆಳಗೆ ಬರಬೇಕು. ಕಡಲೆಗಿಂತ ಅಂದಿದ್ದಾರೆ, ಹಾಗಾಗಿ ಕಡಲೆ ಕೆಳಗೆ.

(430 − 350) ÷ 350 × 100 = 22.86

'ತೊಗರಿಗಿಂತ ಕಡಲೆ ಎಷ್ಟು ಕಡಿಮೆ' ಎಂದು ಕೇಳಿದ್ದರೆ ಅದೇ 80ನ್ನು 430ರಿಂದ ಭಾಗಿಸಬೇಕಿತ್ತು, ಉತ್ತರ 18.6. ಎರಡೂ ಆಯ್ಕೆಗಳಲ್ಲಿ ಇದ್ದವು. ಇಂಗ್ಲಿಷ್ ಪ್ರಶ್ನೆ ಬಂದರೆ ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು 'ಗಿಂತ' ಎಲ್ಲಿ ಬೀಳುತ್ತದೆ ನೋಡಿ ಎಂದು ನನ್ನ ಹುಡುಗರಿಗೆ ಹೇಳುತ್ತೇನೆ.

ಕಣ್ಣಳತೆಗೆ ಒಂದು ಮಿತಿ ಇದೆ. ಒಂದೊಂದು ಕಂಬದಲ್ಲಿ 5 ಕ್ವಿಂಟಲ್ ಆಚೀಚೆ ಆದರೂ ಉತ್ತರ 19.7ರಿಂದ 26.1ರವರೆಗೆ ಓಡಾಡುತ್ತದೆ. ಅಂಕಿ ಅಚ್ಚಾಗಿಲ್ಲದ ಗ್ರಾಫ್‌ನಿಂದ 22.86 ಎಂದು ಬರೆಯುವುದಕ್ಕಿಂತ 'ಸುಮಾರು 23' ಎನ್ನುವುದೇ ಸರಿ.

ಪೈ ಚಾರ್ಟ್‌ನಲ್ಲಿ ಓರೆ ಫೋಟೊ ಇನ್ನೂ ಜಾಸ್ತಿ ಕಾಡುತ್ತದೆ. ವೃತ್ತ ಮೊಟ್ಟೆಯಾಕಾರ ಆಗುತ್ತದೆ. ಅಗಲ 72, ಎತ್ತರ 60 ಮಿಲಿಮೀಟರ್ ಬಂದರೆ, ಮೇಲಿನ ನೆಟ್ಟಗಿನ ಗೆರೆಯಿಂದ ಶುರುವಾಗುವ 30 ಡಿಗ್ರಿಯ ತುಂಡು ಕೋನಮಾಪಕದಲ್ಲಿ ಸುಮಾರು 35 ತೋರಿಸುತ್ತದೆ. ಶೇ 1ಕ್ಕೆ 3.6 ಡಿಗ್ರಿ ಅಲ್ವಾ, ಹಾಗಾಗಿ 8.3 ಇರಬೇಕಾದದ್ದು 9.7 ಆಗಿಬಿಡುತ್ತದೆ. ಮೊಬೈಲ್‌ನ ಸ್ಕ್ಯಾನರ್‌ನಲ್ಲಿ ಹಾಳೆಯ ನಾಲ್ಕು ಮೂಲೆ ಹಿಡಿದು ನೆಟ್ಟಗೆ ಮಾಡಿ, ಅಗಲ ಎತ್ತರ ಒಂದೇ ಆಗಿದೆಯಾ ಎಂದು ನೋಡಿಕೊಂಡೇ ಕೋನ ಅಳೆಯುತ್ತೇನೆ.

ಎರಡು ವರ್ಷದ ಎರಡು ಪೈ ಅಕ್ಕಪಕ್ಕ ಕೊಟ್ಟಾಗ ನಾನೂ ಒಮ್ಮೆ ತಪ್ಪು ಹೇಳಿಕೊಟ್ಟಿದ್ದೆ. ಬಾಡಿಗೆಯ ಪಾಲು ಮೊದಲ ವರ್ಷ ಶೇ 25, ಮರುವರ್ಷ ಶೇ 22. ಕಡಿಮೆಯಾಗಿದೆ ಎಂದುಬಿಟ್ಟೆ. ಪೈ ಕೆಳಗೆ ಸಣ್ಣಕ್ಷರದಲ್ಲಿ ಒಟ್ಟು ಖರ್ಚು ಇತ್ತು: 1,200 ಮತ್ತು 1,500. ಅಂದರೆ ಬಾಡಿಗೆ 300ರಿಂದ 330ಕ್ಕೆ, ಶೇ 10 ಏರಿತ್ತು. ಮರುದಿನ ತರಗತಿಯಲ್ಲಿ ಅದನ್ನು ಬೋರ್ಡ್ ಮೇಲೆ ಮತ್ತೆ ಮಾಡಿ ತೋರಿಸಿದೆ. ಈಗ ಫೋಟೊ ಕಳಿಸುವವರಿಗೆ ಪೈ ಕೆಳಗಿನ ಸಾಲೂ ಬರಲಿ ಎಂದು ಮೊದಲೇ ಹೇಳಿಟ್ಟಿರುತ್ತೇನೆ.