ಗೆರೆ ಕೂಡುವ ಕಡೆ ಎರಡು ಮಿಲಿಮೀಟರ್ ಖಾಲಿ

ಗೆರೆ ಬರೆದು, ಅದರ ಮೇಲೆ ಒಂದು ಹೊಲಿಗೆ ಒಂದು ಖಾಲಿ ಅಂತ ಕೈಯಲ್ಲಿ ಹೊಲಿದ ನನ್ನ ಮೊದಲ ದಿಂಬಿನ ಕವರ್ ದೂರದಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ಹತ್ತಿರ ಹೋದರೆ ಬಂಡವಾಳ ಬಯಲು. ಅಡ್ಡ ಗೆರೆ, ಉದ್ದ ಗೆರೆ ಕೂಡುವ ಒಂದು ಕಡೆ ಹೊಲಿಗೆ ಮೇಲೆ ಹೊಲಿಗೆ ಹತ್ತಿ ಗಂಟಿನ ಹಾಗೆ ಉಬ್ಬಿದೆ, ಪಕ್ಕದ ಕೂಡಿನಲ್ಲಿ ಎರಡೂ ಖಾಲಿ, ಅದರಾಚೆ ಒಂದುಂಟು ಒಂದಿಲ್ಲ. ಕೈ ಪಳಗಿಲ್ಲ ಅಂದುಕೊಂಡು ಹಳೇ ಬಟ್ಟೆಯ ಮೇಲೆ ಸುಮ್ನೆ ಉದ್ದುದ್ದ ಹೊಲಿದು ಅಭ್ಯಾಸ ಮಾಡಿದೆ. ಎರಡನೇ ಕವರೂ ಹಾಗೇ ಬಂತು.

ಆಮೇಲೆ ಸ್ಕೇಲ್ ಇಟ್ಟು ಅಳೆದಾಗ ವಿಷಯ ಗೊತ್ತಾಯಿತು. ನಾನು ಈ ಅಂಚಿನಿಂದ ಆ ಅಂಚಿಗೆ ಒಂದೇ ಓಟದಲ್ಲಿ ಹೊಲಿಯುತ್ತಿದ್ದೆ. ಒಂದು ಹೊಲಿಗೆಗೆ 0.2 ಮಿ.ಮೀ. ಜಾಸ್ತಿ ಆದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ 30 ಹೊಲಿಗೆ ಮುಗಿಯುವಷ್ಟರಲ್ಲಿ ಅದು 6 ಮಿ.ಮೀ. ಆಗಿರುತ್ತದೆ, ಅಂದರೆ ಒಂದು ಇಡೀ ಹೊಲಿಗೆಗಿಂತ ಜಾಸ್ತಿ. ಹಾಗಾಗಿ ಈಗ ನಾನು ಅಂಚನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಕೂಡಿನಿಂದ ಮುಂದಿನ ಕೂಡಿಗೆ ಎಷ್ಟು ದೂರ, ಅದರೊಳಗೆ ಎಷ್ಟು ಹೊಲಿಗೆ, ಅಷ್ಟೇ. ಒಂದು ಚೌಕದೊಳಗೆ ಆದ ತಪ್ಪು ಆ ಚೌಕದಲ್ಲೇ ಮುಗಿಯಬೇಕು.

ಇತ್ತೀಚೆಗೆ ಹೊಲಿದ ತುಂಡಿನ ಲೆಕ್ಕವನ್ನೇ ಹೇಳುತ್ತೇನೆ. 15 ಸೆಂ.ಮೀ. ಚೌಕ, ಒಳಗೆ 3 ಸೆಂ.ಮೀ.ನ ಮನೆಗಳು, ಸಾಲಿಗೆ ಐದು. ಪ್ರತಿ ಮನೆಯಲ್ಲೂ ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆ. ಹೊಲಿಗೆ ಮುಂಬದಿಯಲ್ಲಿ 3 ಮಿ.ಮೀ., ನಡುವಿನ ಖಾಲಿ 2 ಮಿ.ಮೀ.

ನೇರ ಗೆರೆ ಮೊದಲು. ಗೆರೆಗಳು ಸೇರುವ ಬಿಂದುವಿನಲ್ಲಿ ಸೂಜಿ ಚುಚ್ಚುವುದೇ ಇಲ್ಲ. ನಾಲ್ಕೂ ಕಡೆಯ ಹೊಲಿಗೆ ಆ ಬಿಂದುವಿಗೆ 1 ಮಿ.ಮೀ. ಮುಂಚೆ ನಿಲ್ಲುತ್ತದೆ, ನಡುವೆ 2 ಮಿ.ಮೀ. ಖಾಲಿ ಉಳಿಯುತ್ತದೆ. ಇದು ಉಳಿದ ಖಾಲಿಗಳಷ್ಟೇ ಇರುವುದರಿಂದ ಗೆರೆಯ ಲಯ ಎಲ್ಲೂ ತಪ್ಪಿದ ಹಾಗೆ ಕಾಣುವುದಿಲ್ಲ. ಈಗ ಕೂಡಿಸಿ ನೋಡಿ: ಆರು ಹೊಲಿಗೆಗೆ 18, ನಡುವಿನ ಐದು ಖಾಲಿಗೆ 10, ಎರಡು ತುದಿಗೆ ಒಂದೊಂದು. ಸರಿಯಾಗಿ 30. ಮನೆಯ ಅಳತೆ 5ರ ಮಗ್ಗಿಯಲ್ಲಿ ಇದ್ದರೆ ಈ ಲೆಕ್ಕ ತಾನಾಗೇ ಕೂಡುತ್ತದೆ. 32 ಮಿ.ಮೀ. ಇಟ್ಟುಕೊಂಡರೆ ಪ್ರತಿ ಹೊಲಿಗೆಯನ್ನೂ ಎಳೆದಾಡಬೇಕು, ಯಾಕೆ ಬೇಕು ಆ ಪಾಡು.

ಓರೆ ಗೆರೆಯಲ್ಲೇ ನಾನು ಜಾಸ್ತಿ ಸಲ ಬಿಚ್ಚಿದ್ದು. ನೇರ ಗೆರೆಯ ಆರು ಹೊಲಿಗೆಯನ್ನೇ ಇಲ್ಲೂ ಹಾಕಲು ಹೋಗಿದ್ದೆ. ಆದರೆ ಓರೆ 30 ಅಲ್ಲ, 30ನ್ನು 1.414ರಿಂದ ಗುಣಿಸಿದರೆ ಬರುವ 42.4 ಮಿ.ಮೀ. ಆರೇ ಹೊಲಿಗೆ ಹಾಕಿದರೆ ಒಂದೊಂದೂ ಉದ್ದುದ್ದ, ನೇರ ಗೆರೆಗೆ ಹೊಂದುವುದೇ ಇಲ್ಲ. ಇನ್ನೊಂದು ತೊಂದರೆ ಕೂಡಿನಲ್ಲೇ ಇದೆ. ಈಗ ಅಲ್ಲಿಗೆ ನಾಲ್ಕಲ್ಲ, ಎಂಟು ತುದಿ ಬರುತ್ತವೆ. ಎಂಟೂ 1 ಮಿ.ಮೀ. ದೂರದಲ್ಲೇ ನಿಂತರೆ ತೂತುಗಳು ಒಂದಕ್ಕೊಂದು ಅಂಟಿಕೊಂಡು ಬಟ್ಟೆ ಜಾಳಾಗುತ್ತದೆ. ಅದಕ್ಕೆ ಓರೆ ಗೆರೆ ಸ್ವಲ್ಪ ಹಿಂದೆಯೇ ನಿಲ್ಲಲಿ. ಒಂದೊಂದು ತುದಿಗೆ 2.2 ಮಿ.ಮೀ. ಬಿಟ್ಟರೆ ಉಳಿಯುವುದು 38. ಎಂಟು ಹೊಲಿಗೆಗೆ 24, ಏಳು ಖಾಲಿಗೆ 14, ಅದೂ 38! ಹೊಲಿಗೆಯ ಉದ್ದ ಒಂಚೂರೂ ಬದಲಾಯಿಸಬೇಕಿಲ್ಲ. ಇದು ಹೊಳೆದ ದಿನ ನಾನು ಊಟಕ್ಕೆ ಏಳಲೇ ಇಲ್ಲ.

ಎಂಟು ಅನ್ನುವುದರಲ್ಲಿ ಇನ್ನೊಂದು ಉಪಕಾರ ಇದೆ. ಎರಡು ಓರೆ ಗೆರೆ ಮನೆಯ ನಡುಮಧ್ಯದಲ್ಲಿ ಮತ್ತೆ ಕೂಡುತ್ತವೆ ಅಲ್ವಾ? ಹೊಲಿಗೆ ಸಮಸಂಖ್ಯೆಯಲ್ಲಿದ್ದರೆ ಗೆರೆಯ ನಡುವಿಗೆ ಖಾಲಿ ಬೀಳುತ್ತದೆ, ಅಲ್ಲೂ ತೆರೆದ ಕೂಡು ಸಿಗುತ್ತದೆ. ಒಂಬತ್ತು ಹಾಕಿದರೆ ಐದನೇ ಹೊಲಿಗೆ ನೇರ ಮಧ್ಯಕ್ಕೇ ಬಂದು ಕೂರುತ್ತದೆ. ಎರಡೂ ಗೆರೆ ಹಾಗೇ ಬಂದರೆ ಒಂದರ ಮೇಲೊಂದು ಹತ್ತಿ ಗುಣಾಕಾರದ ಗುರುತು. ಅದು ಬೇಕೆಂದೇ ಮಾಡುವವರೂ ಇದ್ದಾರೆ, ಆಗ ಯಾವ ಗೆರೆ ಮೇಲೆ ಅನ್ನುವುದು ಎಲ್ಲ ಮನೆಯಲ್ಲೂ ಒಂದೇ ಇರಬೇಕು. ನನಗೆ ತೆರೆದದ್ದೇ ಇಷ್ಟ.

ಇಷ್ಟೆಲ್ಲ ಲೆಕ್ಕ ಬಟ್ಟೆಯ ಮೇಲೆ ಬರೆಯುವ ಹೊತ್ತಿಗೆ ಹಾಳಾಗಬಹುದು. ಬಟ್ಟೆಯನ್ನು ಮೊದಲೇ ಒಗೆದು ಇಸ್ತ್ರಿ ಮಾಡಿಕೊಳ್ಳುತ್ತೇನೆ, ಹೊಲಿದ ಮೇಲೆ ಕುಗ್ಗಿದರೆ ಅಷ್ಟೇ ಗತಿ. ಹೊರಚೌಕ ಬರೆದ ಮೇಲೆ ಎರಡೂ ಓರೆ ಅಳತೆ ನೋಡುತ್ತೇನೆ. 150 ಮಿ.ಮೀ. ಚೌಕಕ್ಕೆ ಎರಡೂ 212 ಬರಬೇಕು. ಒಂದು 210, ಇನ್ನೊಂದು 214 ಬಂದರೆ ಚೌಕ ವಾಲಿದೆ ಅಂತ ಅರ್ಥ, ಓರೆ ಗೆರೆಗಳು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಆಗುತ್ತವೆ. ಎಳೆ ಎಣಿಸಿ ಚೌಕ ಮಾಡಲು ಹೋಗಬೇಡಿ. ಸಾದಾ ಬಟ್ಟೆಯಲ್ಲಿ ಹಾಸಿನ ಎಳೆಯೂ ಹೊಕ್ಕಿನ ಎಳೆಯೂ ಒಂದೇ ಲೆಕ್ಕಕ್ಕೆ ಇರುವುದು ಅಪರೂಪ. ಸ್ಕೇಲೇ ಸರಿ.

ಪ್ರತಿ ಹೊಲಿಗೆಯನ್ನೂ ಗುರುತು ಹಾಕುವುದಿಲ್ಲ, ಬೇಜಾರು. ಒಂದು ರಟ್ಟಿನ ಪಟ್ಟಿಯನ್ನು 30 ಮಿ.ಮೀ. ಕತ್ತರಿಸಿ 1, 4, 6, 9, 11, 14 ಹೀಗೆ 29ರವರೆಗೆ ಗೀಟು ಹಾಕಿ ಇಟ್ಟುಕೊಂಡಿದ್ದೇನೆ. ಬಟ್ಟೆಯ ಮೇಲೆ ಕೂಡಿನ ಅಕ್ಕಪಕ್ಕದ ತುದಿಗಳಿಗೆ ಮಾತ್ರ ಚುಕ್ಕಿ. ಕೈ ತಪ್ಪಿದೆ ಅನ್ನಿಸಿದರೆ ಪಟ್ಟಿ ಇಟ್ಟು ನೋಡಬಹುದು. ನೇರ ಗೆರೆಯಲ್ಲಿ ಮೂರು ಹೊಲಿಗೆ ಆದ ಮೇಲೆ ಮನೆಯ ಅರ್ಧಕ್ಕೆ ಖಾಲಿ ಬಂದಿರಬೇಕು. ಬರದಿದ್ದರೆ ಉಳಿದ ಮೂರರಲ್ಲಿ ಕೂದಲೆಳೆಯಷ್ಟು ಹಂಚಿ ಸರಿಮಾಡಿಕೊಳ್ಳುತ್ತೇನೆ. ಎಲ್ಲವನ್ನೂ ಕೊನೆಯ ಹೊಲಿಗೆಗೆ ತಳ್ಳಿದರೆ ಕೂಡಿನ ಪಕ್ಕದಲ್ಲೇ ಎದ್ದು ಕಾಣುತ್ತದೆ. ನೀರಿಗೆ ಹೋಗುವ ಪೆನ್ನಿನಲ್ಲಿ ಬರೆದಿದ್ದರೆ ಒಗೆಯುವ ಮುಂಚೆ ಇಸ್ತ್ರಿ ತಾಗಿಸಬೇಡಿ, ಬಿಸಿಗೆ ಗುರುತು ಕಚ್ಚಿಕೊಂಡುಬಿಡುತ್ತದೆ.

ಹೊಲಿಯುವ ಕ್ರಮ ಹೀಗೆ: ಅಡ್ಡ ಎಲ್ಲ, ಉದ್ದ ಎಲ್ಲ, ಆಮೇಲೆ ಒಂದು ದಿಕ್ಕಿನ ಓರೆ, ಕೊನೆಗೆ ಇನ್ನೊಂದು. ಪ್ರತಿ ಸಾಲು ಮುಗಿದಾಗ ಹೆಬ್ಬೆರಳಿನಿಂದ ಸಾಲಿನುದ್ದಕ್ಕೂ ಬಟ್ಟೆಯನ್ನು ನೀವುತ್ತೇನೆ. ದಾರ ಬಿಗಿಯಾಗಿದ್ದರೆ 150 ಇದ್ದದ್ದು 147ಕ್ಕೆ ಇಳಿದಿರುತ್ತದೆ, ಆಮೇಲೆ ಓರೆ ಹೊಲಿಯಲು ಕೂತರೆ ಹಾಕಿಟ್ಟ ಚುಕ್ಕಿಗಳೇ ಜಾಗ ಬಿಟ್ಟಿರುತ್ತವೆ. ಒಂದು ಸಾಲಿನಿಂದ ಮುಂದಿನ ಸಾಲಿಗೆ ತಿರುಗುವಾಗ ಹಿಂಬದಿಯಲ್ಲಿ ಸಣ್ಣ ಕುಣಿಕೆಯಷ್ಟು ದಾರ ಸಡಿಲ ಬಿಡಬೇಕು. ಹಿಂಬದಿಯಲ್ಲಿ ಕೂಡಿನ ಮೇಲೆ ನಾಲ್ಕು ದಾರ ಒಂದರ ಮೇಲೊಂದು ಹಾದುಹೋಗುತ್ತವೆ, ಮುಟ್ಟಿದರೆ ಗೊತ್ತಾಗುತ್ತದೆ. ದಪ್ಪ ದಾರ ಹಾಕಿದರೆ ಆ ಉಬ್ಬು ಮುಂದಕ್ಕೂ ಕಾಣುತ್ತದೆ. ಅದಕ್ಕೆ ನಾನು ಆರೆಳೆ ದಾರದಲ್ಲಿ ಮೂರೇ ಎಳೆ ಬಳಸುತ್ತೇನೆ.

ಈ ಲೆಕ್ಕಕ್ಕೆ ಬಗ್ಗದ ಜಾಗ ಹೊರಚೌಕದ ನಾಲ್ಕು ಮೂಲೆ. ಅಲ್ಲೂ 1 ಮಿ.ಮೀ. ಬಿಟ್ಟರೆ ಮೂಲೆ ಮುರಿದ ಹಾಗೆ ಕಾಣುತ್ತದೆ. ಹಾಗಾಗಿ ಮೂಲೆಯ ಹೊಲಿಗೆಯನ್ನು ಮಾತ್ರ 4 ಮಿ.ಮೀ. ಮಾಡಿ ಸರಿಯಾಗಿ ಬಿಂದುವಿಗೇ ಇಳಿಸುತ್ತೇನೆ. ಮುಂದಿನ ಬದಿಗೆ ಅದೇ ತೂತಿನಲ್ಲಿ ಸೂಜಿ ಮೇಲೆ ತಂದರೆ ಹಿಂದಿನ ಹೊಲಿಗೆ ಕಿತ್ತು ಬರುತ್ತದೆ. ಒಂದೇ ಒಂದು ಎಳೆ ಪಕ್ಕದಲ್ಲಿ ಮೇಲೆ ತಂದರೆ ಸಾಕು, ಕಣ್ಣಿಗೆ ಎರಡೂ ಒಂದೇ ತೂತಿನ ಹಾಗೆ ಕಾಣುತ್ತವೆ.