ಹೊಸ ರೆಸ್ಟೋರೆಂಟ್‌ಗೆ ಸಾಲ: ಮೊದಲು ಕೊನೇ ಲೆಕ್ಕ ಹಾಕಿ

ಪ್ಲ್ಯಾನ್ ಬರೆಯಲು ಕುಳಿತವರು ಸಾಮಾನ್ಯವಾಗಿ ಒಲೆ, ಮೇಜು, ಒಳಾಂಗಣದ ಖರ್ಚಿನಿಂದ ಶುರು ಮಾಡುತ್ತಾರೆ. ಅದನ್ನು ಆಮೇಲೆ ನೋಡಿ. ತಿಂಗಳಿಗೆ ಎಷ್ಟು ಮಾರಾಟವಾದರೆ ಕೈಯಿಂದ ಹಣ ಹೋಗುವುದಿಲ್ಲ ಎಂಬುದು ಮೊದಲು ಗೊತ್ತಾಗಬೇಕು.

ಗಿರಾಕಿ ಬರಲಿ ಬಿಡಲಿ, ಕೊಡಲೇಬೇಕಾದ ಖರ್ಚನ್ನು ಒಂದು ಕಡೆ ಬರೆಯಿರಿ. ಬಾಡಿಗೆ 60,000, ಸಂಬಳ 1,50,000, ವಿಮೆ, ಕನಿಷ್ಠ ವಿದ್ಯುತ್ ಬಿಲ್ಲು ಇತ್ಯಾದಿ 30,000 ಎಂದುಕೊಳ್ಳಿ. ಒಟ್ಟು 2,40,000. ಮಾರಾಟದ ಜೊತೆ ಏರುವ ಖರ್ಚು ಬೇರೆ: ದಿನಸಿ, ತರಕಾರಿಗೆ ಶೇ 32, ಪಾರ್ಸೆಲ್ ಡಬ್ಬಿ, ಕಾರ್ಡ್ ಶುಲ್ಕಕ್ಕೆ ಶೇ 8. ಅಂದರೆ 100ರ ಮಾರಾಟದಲ್ಲಿ ಕೈಗೆ ಉಳಿಯುವುದು 60. 2,40,000ವನ್ನು 0.60ರಿಂದ ಭಾಗಿಸಿದರೆ 4,00,000. ತಿಂಗಳಿಗೆ ಇಷ್ಟು ಮಾರಾಟವಾದರೆ ಈ ಖರ್ಚುಗಳು ಸರಿದೂಗುತ್ತವೆ, ಆದರೆ ಸಾಲದ ಕಂತು ಇದರಲ್ಲಿ ಸೇರಿಲ್ಲ. ಲೆಕ್ಕಪತ್ರದ ಪ್ರಕಾರ ಸಾಲದ ಅಸಲು ಖರ್ಚಲ್ಲ, ಬಡ್ಡಿ ಮಾತ್ರ ಖರ್ಚು. ಆದರೆ ಕಂತಿನ ದಿನ ಗಲ್ಲಾಪೆಟ್ಟಿಗೆಯಿಂದ ಎರಡೂ ಹೋಗುತ್ತವಲ್ವಾ? ತಿಂಗಳ ಕಂತು 60,000 ಎಂದುಕೊಂಡು ಅದನ್ನೂ 2,40,000ಕ್ಕೆ ಸೇರಿಸಿ ಭಾಗಿಸಿ: 5,00,000.

ಈ ಮೊತ್ತವನ್ನು ಕುರ್ಚಿಗಳಿಗೆ ಇಳಿಸಿ ನೋಡಿ. ತಿಂಗಳಿಗೆ 26 ದಿನ ತೆರೆದರೆ ದಿನಕ್ಕೆ ಸುಮಾರು 19,230. ಒಬ್ಬರ ಸರಾಸರಿ ಬಿಲ್ 250 ಆದರೆ 77 ಜನ ಬರಬೇಕು. 30 ಕುರ್ಚಿ ಇದ್ದರೆ ಪ್ರತಿ ಕುರ್ಚಿಯೂ ದಿನಕ್ಕೆ ಎರಡೂವರೆ ಸಲಕ್ಕಿಂತ ಜಾಸ್ತಿ ತುಂಬಬೇಕು. ಕಾಗದದ ಮೇಲೆ ಸುಲಭ. ಆದರೆ ನಾಲ್ವರ ಮೇಜಿನಲ್ಲಿ ಇಬ್ಬರು ಕೂತು ಹರಟುತ್ತಾರೆ, ಉಳಿದ ಎರಡು ಕುರ್ಚಿ ಖಾಲಿಯೇ. ಅದಕ್ಕೇ ನೀವು ತೆರೆಯಬೇಕೆಂದಿರುವಂಥ ಹೋಟೆಲುಗಳ ಮುಂದೆ ವಾರದ ಮಧ್ಯದ ದಿನಗಳಲ್ಲೂ ನಿಂತು ತಲೆ ಎಣಿಸಿ. ಭಾನುವಾರದ ರಶ್ ನಂಬಬೇಡಿ.

ಈಗ ಮೊದಲ ತಿಂಗಳುಗಳು. ಮಾರಾಟ 2,00,000, 3,00,000, 4,00,000 ಎಂದು ಏರಿ ನಾಲ್ಕನೇ ತಿಂಗಳಿಗೆ 5,00,000 ಮುಟ್ಟಿತು ಎನ್ನಿ. ಕೊರತೆ 1,80,000, 1,20,000, 60,000. ಒಟ್ಟು 3,60,000. ಅಡುಗೆಮನೆ ಉಪಕರಣ, ಹೊಗೆ ಹೊರಹಾಕುವ ಚಿಮಣಿ, ಜಾಗದ ಮುಂಗಡ, ಲೈಸೆನ್ಸ್, ತೆರೆಯುವ ಮುಂಚಿನ ಸಂಬಳ, ಇವೆಲ್ಲದರ ಪಟ್ಟಿಯಲ್ಲಿ ಈ ಹಣಕ್ಕೂ ಒಂದು ಸಾಲು ಇರಲೇಬೇಕು. ಇದ್ದ ಹಣವನ್ನೆಲ್ಲ ಒಳಾಂಗಣಕ್ಕೆ ಸುರಿದು, ಎರಡನೇ ತಿಂಗಳಲ್ಲೇ ತರಕಾರಿಯವರಿಗೆ ಸಾಲ ಹೇಳುವ ಹೋಟೆಲುಗಳು ಬೀಳುವುದು ಇಲ್ಲಿಯೇ.

ಅರ್ಜಿಗೆ ಉಪಕರಣಗಳ ಕೊಟೇಶನ್, ಬಾಡಿಗೆ ಕರಾರಿನ ಕರಡು, ನಿಮ್ಮ ಪಾಲಿನ ಹಣದ ದಾಖಲೆ, ತಿಂಗಳವಾರು ಅಂದಾಜು ಲಗತ್ತಿಸಿ. ಕಂತು ಕಟ್ಟುವಷ್ಟೇ ಉಳಿದರೆ ಬ್ಯಾಂಕಿನವರಿಗೆ ಸಾಲದು. ಹಲವರು ಕಂತಿನ 1.25 ಪಟ್ಟು ಉಳಿಕೆ ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದಕ್ಕೆ 5,25,000 ಮಾರಾಟ ಬೇಕು. ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಡಿ: ದಿನಸಿ ಖರ್ಚು ಶೇ 36ಕ್ಕೆ ಏರಿದರೆ ಕಂತು ಸೇರಿ ಬೇಕಾದ ಮಾರಾಟ 5,00,000ದಿಂದ ಸುಮಾರು 5,36,000ಕ್ಕೆ ಹೋಗುತ್ತದೆ. ಅಧಿಕಾರಿ ಮೊದಲು ಕೇಳುವ ಪ್ರಶ್ನೆ ಬಹುಶಃ ಇದೇ.