ಅವ್ವನ ಆಪರೇಷನ್ನಿಗೆ ಸಿಂಗಾಪುರದ ಬಿಲ್ಲು: ರೂಪಾಯಿಯಲ್ಲಿ ನಾನು ಲೆಕ್ಕ ಹಾಕಿದ ಬಗೆ

2025ರ ಜುಲೈ. ಅವ್ವನ ಬೆನ್ನುಹುರಿ ಪಕ್ಕದ ಗಡ್ಡೆ ತೆಗೆಸಬೇಕಿತ್ತು. ಅಣ್ಣನ ಮಗ ಸಿಂಗಾಪುರದಲ್ಲೇ ಇದ್ದಾನೆ, ಆಪರೇಷನ್ ಆದ ಮೇಲೆ ಅವನ ಮನೆಯಲ್ಲಿ ನೋಡಿಕೊಳ್ಳಬಹುದು ಅಂತ ಅಲ್ಲಿಗೇ ಹೋಗುವುದಾಯಿತು. ಆಸ್ಪತ್ರೆಯ ಅಂದಾಜು 30,000ದಿಂದ 36,000 ಸಿಂಗಾಪುರ ಡಾಲರ್. ಅಣ್ಣ ಮೊಬೈಲಿನಲ್ಲಿ ದರ ನೋಡಿದ, 67 ರೂಪಾಯಿ. "ಇಪ್ಪತ್ನಾಲ್ಕು ಲಕ್ಷ ಆಗ್ತದ ತಮ್ಮಾ, ಅಷ್ಟು ಜೋಡಿಸಿದ್ರ ಸಾಕು" ಅಂದ.

ನಾನು ಕಲಬುರಗಿ ಗಂಜ್‌ನಲ್ಲಿ ಅಡತ್ ಅಂಗಡಿಯ ಲೆಕ್ಕ ಬರೆಯುವವನು. ಇವತ್ತಿನ ಭಾವಕ್ಕೆ ಗುಣಿಸಿ ಎರಡು ತಿಂಗಳ ನಂತರದ ತೊಗರಿಗೆ ದುಡ್ಡು ಎತ್ತಿಡುವುದಿಲ್ಲ. ಅದಕ್ಕೆ ಆ 24 ಲಕ್ಷ ಒಪ್ಪಲಿಲ್ಲ.

ಮೊದಲು ಅಂದಾಜು ಪತ್ರವನ್ನೇ ಸರಿಯಾಗಿ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ತೆರಿಗೆ ಬಿಟ್ಟು' ಅಂತಿತ್ತು. ಸಿಂಗಾಪುರದಲ್ಲಿ ಜಿಎಸ್‌ಟಿ 9%. ಹಾಗಾಗಿ ಮೇಲಿನ ಅಂಕಿ 36,000 ಹಿಡಿದು ತೆರಿಗೆ ಸೇರಿಸಿದೆ: 39,240 ಡಾಲರ್. ರೂಪಾಯಿಗೆ ತಿರುಗಿಸುವ ಮೊದಲು ಡಾಲರಿನ ಲೆಕ್ಕವೇ ಪೂರ್ತಿ ಆಗಿರಬೇಕು.

ಆಮೇಲೆ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದವರು, "ಸರ್, ಅದು ಗೂಗಲ್ ರೇಟ್ರಿ. ನಮ್ದು ಸೆಲ್ಲಿಂಗ್ ರೇಟ್ ಬ್ಯಾರೆ ಅದ" ಅಂದರು. ಅವತ್ತು ಅವರ ದರ 68.10. ಆಸ್ಪತ್ರೆ ಕೇಳಿದ ಮುಂಗಡ 28,000 ಡಾಲರನ್ನು ಆ ದಿನವೇ ಕಳಿಸಿಬಿಟ್ಟೆ. 19,06,800 ರೂಪಾಯಿ ಆಯಿತು. ಇಷ್ಟು ಕಟ್ಟಿದ ಮೇಲೆ ಈ ಭಾಗಕ್ಕೆ ದರ ಏರಿದರೂ ಚಿಂತೆಯಿಲ್ಲ.

ಕಳಿಸುವಾಗ ಎರಡು ಕಡೆ ಎಚ್ಚರ ಬೇಕಾಯಿತು. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಅರ್ಜಿಯಲ್ಲಿ ಉದ್ದೇಶ ಚಿಕಿತ್ಸೆ ಅಂತಲೇ ಇರಬೇಕು, ಅದರ ಕೋಡ್ S0304. ಆ ವರ್ಷದ ನಿಯಮದಲ್ಲಿ 10 ಲಕ್ಷ ದಾಟಿದ ಮೊತ್ತಕ್ಕೆ ಟಿಸಿಎಸ್, ಅಂದರೆ ಬ್ಯಾಂಕೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ, ಚಿಕಿತ್ಸೆಗಾದರೆ 5%, ಬೇರೆ ಹಲವು ಉದ್ದೇಶಗಳಿಗೆ 20%. ನನಗೆ 9,06,800ರ ಮೇಲೆ 45,340 ರೂಪಾಯಿ ಬಿತ್ತು. ಇದು ಖರ್ಚಲ್ಲ, ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಆ ದಿನ ಕೈಯಲ್ಲಿ ಇರಲೇಬೇಕು. ಇನ್ನೊಂದು, ವರ್ಗಾವಣೆ ಶುಲ್ಕದ ಜಾಗದಲ್ಲಿ OUR ಅಂತ, ಅಂದರೆ ಶುಲ್ಕವೆಲ್ಲ ಕಳಿಸುವವರದೇ ಅಂತ ಗುರುತು ಹಾಕಿಸಿದೆ. ಇಲ್ಲದಿದ್ದರೆ ನಡುವಿನ ಬ್ಯಾಂಕ್ ತನ್ನ ಶುಲ್ಕ ಮುರಿದುಕೊಂಡು, ಆಸ್ಪತ್ರೆಗೆ ಒಂದಿಷ್ಟು ಡಾಲರ್ ಕಡಿಮೆ ಮುಟ್ಟುತ್ತದೆ.

ಉಳಿದದ್ದು 11,240 ಡಾಲರ್. ಇದರ ನಿಜವಾದ ಅಂಕಿ ಗೊತ್ತಾಗುವುದು ಡಿಸ್ಚಾರ್ಜ್ ದಿನ. ಬ್ಯಾಂಕಿನಿಂದ ಕಳಿಸಿದರೆ ಮುಟ್ಟಲು ದಿನಗಳು ಬೇಕು. ಆದ್ದರಿಂದ ಕಾರ್ಡೇ ದಾರಿ. ಮೀಸಲು ಬೇಕಾದದ್ದು ಈ ಭಾಗಕ್ಕೆ ಮಾತ್ರ, ಇಡೀ ಬಿಲ್ಲಿಗಲ್ಲ. ಜನವರಿಯಲ್ಲಿ ಡಾಲರ್ 63ರ ಆಸುಪಾಸು ಇತ್ತು, ಜುಲೈಗೆ 67. ಆರು ತಿಂಗಳಲ್ಲಿ 6% ಏರಿದೆ ಅಂದ್ರೆ ಎರಡು ತಿಂಗಳಿಗೆ 5% ಇಟ್ಟರೆ ಸಾಕು ಅನಿಸಿತು. 67ಕ್ಕೆ 5% ಸೇರಿಸಿದರೆ 70.35. ನಮ್ಮ ಕಾರ್ಡಿನ ವಿದೇಶಿ ಶುಲ್ಕ 3.5%, ಆ ಶುಲ್ಕದ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ಅದನ್ನೂ ಸೇರಿಸಿದಾಗ ಒಂದು ಡಾಲರಿಗೆ 73.25 ರೂಪಾಯಿ. ಅಂದರೆ ಸುಮಾರು 8,23,000.

ಮುಂಗಡ, ಟಿಸಿಎಸ್, ಈ ಬಾಕಿ ಎಲ್ಲ ಕೂಡಿದರೆ 27.75 ಲಕ್ಷ. ಅಣ್ಣ ಹೇಳಿದ್ದಕ್ಕಿಂತ 3.6 ಲಕ್ಷ ಜಾಸ್ತಿ. ಅಣ್ಣ ಆ ಚೀಟಿಯನ್ನು ಎರಡು ಸಲ ಕೂಡಿ ನೋಡಿದ, ಆಮೇಲೆ ಸುಮ್ನೆ ತಲೆ ಆಡಿಸಿದ. ನನ್ನದೊಂದೇ ಕಾರ್ಡಿನ ಮಿತಿ ಸಾಲುತ್ತಿರಲಿಲ್ಲ, ಅವನದೂ ಒಯ್ದೆವು. ಎರಡರಲ್ಲೂ ವಿದೇಶಿ ಬಳಕೆ ಆನ್ ಮಾಡಿ, ಆ್ಯಪಿನಲ್ಲಿ ದಿನದ ಮಿತಿ ಏರಿಸಿದ್ದು ಇಲ್ಲಿಂದಲೇ.

ಅಲ್ಲಿ ಹೋದ ಮೇಲೆ ಒಂದು ತಪ್ಪು ಮಾಡಿದೆ. ಔಷಧಿ ಅಂಗಡಿಯ ಮಷಿನ್ SGD, INR ಎರಡೂ ತೋರಿಸಿತು. ರೂಪಾಯಿ ಗೊತ್ತಿರುವ ಲೆಕ್ಕ ಅಲ್ವಾ, ಅದನ್ನೇ ಒತ್ತಿದೆ. ಆಗ ದರ ನಿರ್ಧರಿಸುವುದು ಮಷಿನ್ ಕಡೆಯವರು. ಅವರ ದರ ಹೆಚ್ಚು, ಅದರ ಮೇಲೆ ಸ್ಟೇಟ್‌ಮೆಂಟಿನಲ್ಲಿ ನಮ್ಮ ಬ್ಯಾಂಕಿನ ಶುಲ್ಕವೂ ಬೇರೆ ಬಂದಿತ್ತು.

ಆಗಸ್ಟ್ ಕೊನೆಗೆ ಅವ್ವನ ಡಿಸ್ಚಾರ್ಜ್. ಬಿಲ್ಲು 37,900, ಕಟ್ಟಬೇಕಾದ ಬಾಕಿ 9,900 ಡಾಲರ್. ನನ್ನ ಕಾರ್ಡಿಗೆ 5,500 ಹಾಕಿದಾಗ ಮಷಿನ್ ಮತ್ತೆ ಕೇಳಿತು: 5,500 ಡಾಲರೋ, 3,96,550 ರೂಪಾಯಿಯೋ. ಭಾಗಿಸಿ ನೋಡಿದೆ, 72.10 ಬಂತು. ಅವತ್ತಿನ ಕಾರ್ಡ್ ದರ 68.40, ನಮ್ಮ ಶುಲ್ಕ ಸೇರಿದರೂ 71.22. SGD ಒತ್ತಿದೆ. ಎರಡೂ ಕಾರ್ಡ್ ಸೇರಿ ಸುಮಾರು 7,05,000 ಆಯಿತು. ಎತ್ತಿಟ್ಟಿದ್ದರಲ್ಲಿ 1.18 ಲಕ್ಷ ಉಳಿಯಿತು. ಅದರಲ್ಲೇ ಅವ್ವನ ಫಿಸಿಯೋಥೆರಪಿ ನಡೆಯಿತು.

ಊರಿಗೆ ಬಂದ ಮೇಲೆ ನನ್ನ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದೆ. ಆ 45,340 ಅಲ್ಲಿ ಕಂಡಿತು. ಅದರ ಪ್ರಿಂಟ್ ತೆಗೆದು ಆಸ್ಪತ್ರೆ ಬಿಲ್ಲಿನ ಜೊತೆ ಫೈಲಿಗೆ ಹಾಕಿದೆ.